ಆರು ಬೀಳುವವರೆಗೆ

ಪರೀಕ್ಷೆ ಮುಗಿದು ಮಕ್ಕಳು ಇನ್ನೂ ಕಾಲೇಜಿನ ಗೇಟು ದಾಟಿರುವುದಿಲ್ಲ, ಅಷ್ಟರಲ್ಲಿ ಪ್ರಶ್ನೆಪತ್ರಿಕೆಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಲು ಶುರುವಾಗಿರುತ್ತದೆ. ಸಂಖ್ಯಾಶಾಸ್ತ್ರ ಪಾಠ ಮಾಡುವ ನಮ್ಮಂಥವರಿಗೆ ಅದರ ಜೊತೆ ಒಂದು ಸಾಲು ಬರುತ್ತದೆ: "ಮೇಡಂ, ಇದಕ್ಕೆ 5 ಬರೆಯಬೇಕಿತ್ತಾ, 6 ಬರೆಯಬೇಕಿತ್ತಾ?" ಹೀಗೆ ಬಂದ ಫೋಟೊ ಒಂದರ ಮೂಲೆಯಲ್ಲಿ ಯಾರದೋ ಹೆಬ್ಬೆರಳಿತ್ತು, ಕಾಗದ ಮಡಿಸಿದ ಗೆರೆ ನಡುವೆ ಹಾದುಹೋಗಿತ್ತು, ಬಲಗಡೆಯ ಅಂಚು ಕತ್ತರಿಸಿಹೋಗಿತ್ತು. ಓದಲು ಸಿಕ್ಕಿದ್ದು ಇಷ್ಟು.

"ದೋಷವಿಲ್ಲದ ದಾಳವೊಂದನ್ನು ಮೊದಲ ಬಾರಿಗೆ 6 ಬೀಳುವವರೆಗೆ ಎಸೆಯಲಾಗುತ್ತದೆ. X ಎಂಬುದು" – ಅಲ್ಲಿಗೆ ಸಾಲು ಫೋಟೊದಿಂದ ಹೊರಗೆ. ಅದರ ಕೆಳಗೆ ನಾಲ್ಕು ಉಪಪ್ರಶ್ನೆಗಳು ಪೂರ್ತಿ ಕಾಣುತ್ತಿದ್ದವು. (ಅ) ಮೊದಲ 6 ಸರಿಯಾಗಿ ಮೂರನೆಯ ಎಸೆತದಲ್ಲಿ ಬೀಳುವ ಸಂಭವನೀಯತೆ ಎಷ್ಟು? (ಆ) ಆರು ಸಲ ಎಸೆದರೂ 6 ಬೀಳದಿರುವ ಸಂಭವನೀಯತೆ ಎಷ್ಟು? (ಇ) X ನ ಸರಾಸರಿ ಎಷ್ಟು? (ಈ) ಮೊದಲ ಆರು ಎಸೆತಗಳಲ್ಲಿ 6 ಬಿದ್ದಿಲ್ಲ ಎಂದು ಗೊತ್ತಿದ್ದರೆ, ಮುಂದಿನ ಮೂರು ಎಸೆತಗಳೊಳಗೆ ಅದು ಬೀಳುವ ಸಂಭವನೀಯತೆ ಎಷ್ಟು?

ಲೂಡೋ ಆಡಿದವರಿಗೆಲ್ಲ ಈ ಲೆಕ್ಕ ಕೈಯಾರೆ ಗೊತ್ತು. ಕಾಯಿ ಮನೆಯಿಂದ ಹೊರಗೆ ಬರಬೇಕಾದರೆ 6 ಬೀಳಬೇಕು. ಕೆಲವರಿಗೆ ಮೊದಲ ಎಸೆತಕ್ಕೇ ಬಿದ್ದುಬಿಡುತ್ತದೆ, ಇನ್ನು ಕೆಲವರು ಪಕ್ಕದವನ ಕಾಯಿ ಅರ್ಧ ಸುತ್ತು ಮುಗಿಸಿದರೂ ದಾಳ ಕುಲುಕುತ್ತಲೇ ಇರುತ್ತಾರೆ. ಎಷ್ಟು ಸಲ ಕುಲುಕಬೇಕಾಗುತ್ತದೆ ಎಂಬುದೇ ಪ್ರಶ್ನೆ.

ಸೂತ್ರಕ್ಕೆ ಹೋಗುವ ಮುನ್ನ ಜನರನ್ನು ಎಣಿಸೋಣ. 1296 ಮಂದಿ ಒಟ್ಟಿಗೆ ಕುಳಿತು, ಒಬ್ಬೊಬ್ಬರೂ ತಮ್ಮ ತಮ್ಮ ದಾಳ ಎಸೆಯುತ್ತಿದ್ದಾರೆ ಎಂದುಕೊಳ್ಳಿ. 6 ಬಿದ್ದವರು ಎದ್ದು ಹೋಗಬಹುದು. (1296 ಯಾಕೆ ಎಂದರೆ ಅದು 6 ಅನ್ನು ನಾಲ್ಕು ಸಲ ಗುಣಿಸಿದರೆ ಬರುವ ಸಂಖ್ಯೆ, ಭಾಗಾಕಾರ ಸಲೀಸು.) ಲೆಕ್ಕದ ಪ್ರಕಾರ ಮೊದಲ ಸುತ್ತಿನಲ್ಲಿ ಆರರಲ್ಲೊಂದು ಪಾಲು, ಅಂದರೆ 216 ಮಂದಿ ಎದ್ದರು, 1080 ಉಳಿದರು. ಎರಡನೆಯ ಸುತ್ತಿನಲ್ಲಿ ಈ 1080ರ ಆರನೇ ಒಂದು ಪಾಲು, 180 ಮಂದಿ ಎದ್ದರು, ಉಳಿದವರು 900. ಮೂರನೆಯದರಲ್ಲಿ 150 ಹೋಗಿ 750 ಉಳಿದರು. ನಾಲ್ಕನೆಯದರಲ್ಲಿ 125 ಹೋಗಿ 625 ಉಳಿದರು. ನಿಜವಾದ ಆಟದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ, ಆದರೆ ಎಷ್ಟು ಮಂದಿಯನ್ನು ನಿರೀಕ್ಷಿಸಬೇಕು ಎಂಬುದಕ್ಕೆ ಇದೇ ಲೆಕ್ಕ.

ಉಪಪ್ರಶ್ನೆ (ಅ) ಅಲ್ಲಿಗೆ ಮುಗಿಯಿತು. ಮೂರನೆಯ ಸುತ್ತಿನಲ್ಲಿ ಎದ್ದವರು 1296ರಲ್ಲಿ 150, ಅಂದರೆ 25/216, ಸುಮಾರು 0.116. ಪಠ್ಯಪುಸ್ತಕದಲ್ಲಿ ಇದನ್ನೇ ಎರಡು ಸೋಲು, ಒಂದು ಗೆಲುವು ಎಂದು ಬರೆಯುತ್ತಾರೆ: 5/6 × 5/6 × 1/6. n-ನೇ ಎಸೆತದಲ್ಲಿ ಮೊದಲ ಗೆಲುವು ಸಿಗಬೇಕಾದರೆ ಅದಕ್ಕೆ ಮುಂಚಿನ n−1 ಎಸೆತಗಳೂ ಸೋತಿರಬೇಕು. ಹಾಗಾಗಿ ಗೆಲುವಿನ ಸಂಭವನೀಯತೆ p ಆದರೆ

P(X = n) = (1 − p)ⁿ⁻¹ × p

ಎದ್ದುಹೋದವರ ಸಾಲನ್ನು ಇನ್ನೊಮ್ಮೆ ನೋಡಿ: 216, 180, 150, 125. ಪ್ರತಿ ಸಂಖ್ಯೆಯೂ ಹಿಂದಿನದರ ಆರರಲ್ಲಿ ಐದು ಪಾಲು. ಗುಣೋತ್ತರ ಶ್ರೇಢಿ ಇದೇ, ಅದಕ್ಕೇ ಈ ವಿತರಣೆಗೂ ಗುಣೋತ್ತರ ವಿತರಣೆ ಎಂಬ ಹೆಸರು. ತರಗತಿಯಲ್ಲಿ ಎಲ್ಲರ ಬಾಯಲ್ಲೂ ಅದು ಜಿಯೊಮೆಟ್ರಿಕ್ ಡಿಸ್ಟ್ರಿಬ್ಯೂಷನ್. ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಮೊದಲನೆಯದೇ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. 6 ಯಾವ ಎಸೆತದಲ್ಲಿ ಬೀಳಬಹುದು, ಒಂದೇ ಒಂದು ಸಂಖ್ಯೆ ಹೇಳಿ ಎಂದರೆ ಜನ ಆರು ಅನ್ನುತ್ತಾರೆ. ಪಂದ್ಯ ಕಟ್ಟುವುದಾದರೆ ನಾನು ಒಂದನೆಯ ಎಸೆತಕ್ಕೇ ಕಟ್ಟುತ್ತೇನೆ.

(ಆ)ಗೆ ಶ್ರೇಢಿಯನ್ನು ಕೂಡಿಸುತ್ತ ಕೂರುವ ಅಗತ್ಯವಿಲ್ಲ, ಆದರೂ ಉತ್ತರಪತ್ರಿಕೆಯಲ್ಲಿ ಅರ್ಧ ಪುಟ ಅದಕ್ಕೇ ಹೋಗಿರುತ್ತದೆ. ಆರು ಎಸೆತ ಆದ ಮೇಲೂ ಕುಳಿತಿರುವವರು ಯಾರು? ಆರೂ ಸಲ ಸೋತವರು. ಅಷ್ಟೇ. (5/6)⁶, ಅಂದರೆ 15625/46656, ಸುಮಾರು 0.335. ನಮ್ಮ 1296 ಮಂದಿಯಲ್ಲಿ 434 ಜನ ಇನ್ನೂ ಕೂತಿದ್ದಾರೆ. ಕಾಯುವ ಲೆಕ್ಕಗಳಲ್ಲಿ ಯಾವಾಗ ಗೆಲ್ಲುತ್ತಾರೆ ಎನ್ನುವುದಕ್ಕಿಂತ ಎಷ್ಟು ಮಂದಿ ಇನ್ನೂ ಕಾಯುತ್ತಿದ್ದಾರೆ ಎಂದು ಕೇಳಿಕೊಂಡರೆ ದಾರಿ ಎಷ್ಟೋ ಹತ್ತಿರವಾಗುತ್ತದೆ.

ಈಗ ಫೋಟೊದಿಂದ ಕತ್ತರಿಸಿಹೋದ ಆ ತುಂಡು. X ಎಂದರೆ ಏನು? "6 ಬೀಳಲು ಬೇಕಾದ ಎಸೆತಗಳ ಸಂಖ್ಯೆ" ಎಂದಿದ್ದರೆ X 1ರಿಂದ ಶುರುವಾಗುತ್ತದೆ, ಸರಾಸರಿ 6. "6 ಬೀಳುವ ಮುನ್ನ ಸೋತ ಎಸೆತಗಳ ಸಂಖ್ಯೆ" ಎಂದಿದ್ದರೆ X ಸೊನ್ನೆಯಿಂದ ಶುರು, ಸರಾಸರಿ 5. ಎರಡೂ ವ್ಯಾಖ್ಯೆ ಪುಸ್ತಕಗಳಲ್ಲಿವೆ, ಎರಡಕ್ಕೂ ಇರುವ ಹೆಸರು ಒಂದೇ, ಎರಡೂ ಸರಿ. ಗೆದ್ದ ಆ ಕೊನೆಯ ಎಸೆತವನ್ನು ಎಣಿಕೆಗೆ ಸೇರಿಸಿಕೊಂಡೆವೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ. ಹುಡುಗಿ ಕೇಳಿದ 5 ಅಥವಾ 6 ಎಂಬ ಪ್ರಶ್ನೆಗೆ ಫೋಟೊ ನೋಡಿ ಉತ್ತರ ಹೇಳಲು ಬರುವುದಿಲ್ಲ. ಪತ್ರಿಕೆಯನ್ನೇ ಬಿಡಿಸಿ ಆ ಸಾಲು ಓದಬೇಕು. ಸೋಜಿಗವೆಂದರೆ ಉಳಿದ ಮೂರು ಉಪಪ್ರಶ್ನೆಗಳಿಗೆ X ಬೇಕೇ ಇಲ್ಲ, ಅವು ಎಸೆತದ ಮಾತನ್ನೇ ನೇರವಾಗಿ ಆಡುತ್ತವೆ. ಕತ್ತರಿಸಿದ ಅಂಚಿನಿಂದ ಪೆಟ್ಟು ಬಿದ್ದದ್ದು (ಇ)ಗೆ ಮಾತ್ರ.

ಇದೇನು ಪರೀಕ್ಷಾ ಕೊಠಡಿಗೆ ಮಾತ್ರ ಸೇರಿದ ತಕರಾರಲ್ಲ. ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್‌ಗಳಲ್ಲೂ ಇದೇ ಜಗಳವಿದೆ. R ಸೋಲುಗಳನ್ನು ಎಣಿಸುತ್ತದೆ, ಪೈಥಾನ್‌ನ ಸೈಪೈ ಎಸೆತಗಳನ್ನು ಎಣಿಸುತ್ತದೆ. ಮೂರನೆಯ ಎಸೆತದ ಉತ್ತರ, ಆ 0.1157, ಬೇಕಾದರೆ ಮೊದಲನೆಯದಕ್ಕೆ 2 ಕೊಡಬೇಕು, ಎರಡನೆಯದಕ್ಕೆ 3.

```
dgeom(2, 1/6)
scipy.stats.geom.pmf(3, 1/6)
```

ಒಂದರ ಬದಲು ಇನ್ನೊಂದು ಕೊಟ್ಟರೆ ತಪ್ಪಾಯಿತೆಂಬ ಸೂಚನೆ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಪತ್ತೆ ಹಚ್ಚುವ ಸುಲಭದ ದಾರಿ ಎಂದರೆ ಸೊನ್ನೆ ಕೊಟ್ಟು ನೋಡುವುದು. ಸೊನ್ನೆಗೆ 1/6 ಎಂದು ಹೇಳಿದರೆ ಅದು ಸೋಲು ಎಣಿಸುವ ಜಾತಿ. ಸೊನ್ನೆಗೆ ಸೊನ್ನೆಯನ್ನೇ ಕೊಟ್ಟರೆ ಎಸೆತ ಎಣಿಸುವ ಜಾತಿ.

ಸರಾಸರಿ 6 ಹೇಗೆ ಬಂತು? ಪುಸ್ತಕದ ದಾರಿಯಲ್ಲಿ ಅನಂತ ಶ್ರೇಢಿಯನ್ನು ಕೂಡಿಸಬೇಕು. ನನಗೆ ಇಷ್ಟವಾದ ದಾರಿ ಒಂದೂವರೆ ಸಾಲಿನದು. ಸರಾಸರಿ ಎಸೆತಗಳು E ಎಂದಿಟ್ಟುಕೊಳ್ಳಿ. ಏನೇ ಆದರೂ ಒಂದು ಎಸೆತ ಖರ್ಚಾಗುತ್ತದೆ. ಆರರಲ್ಲಿ ಐದು ಸಲ ಅದು ಸೋಲುತ್ತದೆ, ಸೋತರೆ ನಾವು ಮತ್ತೆ ಆಟದ ಶುರುವಿಗೇ ಬಂದಿರುತ್ತೇವೆ, ಮುಂದೆ ಇನ್ನೂ E ಎಸೆತ ಬೇಕು. ಆದ್ದರಿಂದ

E = 1 + (5/6) × E

ಇದನ್ನು ಬಿಡಿಸಿದರೆ E = 6. ಯಾವ p ಗಾದರೂ ಇದೇ ರೀತಿ 1/p ಬರುತ್ತದೆ. "ಮತ್ತೆ ಆಟದ ಶುರುವಿಗೇ" ಎಂದು ಸಲೀಸಾಗಿ ಹೇಳಿಬಿಟ್ಟೆ. ಇಡೀ ವಿಷಯದ ಜೀವ ಇರುವುದು ಆ ಮಾತಿನಲ್ಲೇ, ಅದಕ್ಕೆ ಆಮೇಲೆ ಬರೋಣ.

ಸರಾಸರಿ 6 ಎಂದ ಕೂಡಲೇ "ಆರು ಸಲ ಎಸೆದರೆ ಬಿದ್ದೇ ಬೀಳುತ್ತದೆ" ಎಂದು ಮನಸ್ಸು ತಿದ್ದಿ ಓದಿಕೊಳ್ಳುತ್ತದೆ. ಹಾಗಲ್ಲ ಎಂದು (ಆ) ಆಗಲೇ ತೋರಿಸಿದೆ. ಆರು ಸುತ್ತಿನ ನಂತರವೂ ಮೂರರಲ್ಲೊಂದು ಪಾಲು ಜನ ಕಾಯುತ್ತಿದ್ದಾರೆ. ಇನ್ನೊಂದು ಕಡೆ, ನಾಲ್ಕು ಸುತ್ತಿಗೇ 216, 180, 150, 125 ಸೇರಿ 671 ಮಂದಿ ಎದ್ದುಹೋಗಿದ್ದಾರೆ, ಅರ್ಧಕ್ಕಿಂತ ಹೆಚ್ಚು. ಅಂದರೆ ಮಧ್ಯಾಂಕ 4, ಸರಾಸರಿ 6. ಕೆಲವೇ ಜನ ತುಂಬಾ ಹೊತ್ತು ಕಾಯುವುದರಿಂದ ಸರಾಸರಿ ಮೇಲಕ್ಕೆ ಎಳೆಯಲ್ಪಡುತ್ತದೆ. ಇಪ್ಪತ್ತು ಎಸೆತ ಆದ ಮೇಲೂ 1296ರಲ್ಲಿ 34 ಮಂದಿ ಕೂತಿರುತ್ತಾರೆ. ನೂರಕ್ಕೆ ತೊಂಬತ್ತು ಮಂದಿ ಎದ್ದು ಹೋಗಬೇಕಾದರೆ ಹದಿಮೂರು ಎಸೆತ ಬೇಕು. "ಸರಾಸರಿ ಇಷ್ಟು ದಿನ ಆಗುತ್ತದೆ" ಎಂದು ಯಾರಾದರೂ ಹೇಳಿದಾಗ ಅದು ಗಡುವಲ್ಲ. ಗಡುವು ಬೇಕಾದವರು ಬಾಲದ ಲೆಕ್ಕ ಕೇಳಬೇಕು.

ಆ 671 ಮತ್ತು ಉಳಿದ 625 ಇತಿಹಾಸದಲ್ಲೂ ಬರುತ್ತವೆ. 1654ರಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಮತ್ತು ಪಿಯರ್ ಡಿ ಫರ್ಮಾ ಜೂಜಿನ ಲೆಕ್ಕಗಳ ಬಗ್ಗೆ ಪತ್ರ ಬರೆದುಕೊಂಡರು. ಸಂಭವನೀಯತೆಯ ಗಣಿತ ಶುರುವಾಗಿದ್ದು ಅಲ್ಲಿಂದ ಎನ್ನುವುದು ರೂಢಿ. ಒಂದು ದಾಳವನ್ನು ನಾಲ್ಕು ಸಲ ಎಸೆದು 6 ಬೀಳಿಸುತ್ತೇನೆ ಎಂದು ಪಂದ್ಯ ಕಟ್ಟಿದವನ ಪಾಲು 671, ಎದುರಾಳಿಯದು 625 ಎಂಬ ಲೆಕ್ಕ ಪ್ಯಾಸ್ಕಲ್‌ನ ಪತ್ರದಲ್ಲಿದೆ. ಅವನಿಗೆ ಈ ಪ್ರಶ್ನೆ ತಂದವನು ಶೆವಲಿಯೆ ಡಿ ಮೆರೆ ಎಂಬ ಗಣ್ಯ. ಅವನ ವಾದ ಹೀಗಿತ್ತು: ಒಂದು ದಾಳಕ್ಕೆ ಆರು ಮುಖ, ನಾಲ್ಕು ಎಸೆತ ಸಾಕು. ಎರಡು ದಾಳಗಳಲ್ಲಿ ಜೋಡಿ ಆರು ಬೀಳಲು ಮೂವತ್ತಾರರಲ್ಲಿ ಒಂದು ಅವಕಾಶ. ಅದೇ ಪ್ರಮಾಣದಲ್ಲಿ ಇಪ್ಪತ್ತನಾಲ್ಕು ಎಸೆತ ಸಾಕಾಗಬೇಕು. ಆದರೆ ಇಪ್ಪತ್ತನಾಲ್ಕು ಎಸೆತಕ್ಕೆ ಪಂದ್ಯ ಕಟ್ಟಿದವನು ಗೆಲ್ಲುವ ಸಂಭವನೀಯತೆ 0.491, ಅರ್ಧಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಇಪ್ಪತ್ತೈದು ಎಸೆತ ಕೊಟ್ಟರೆ 0.506.

ಡಿ ಮೆರೆ ಎಡವಿದ್ದೆಲ್ಲಿ? ಸರಾಸರಿ ನಿಜವಾಗಿಯೂ ಅವನು ಅಂದುಕೊಂಡ ಹಾಗೇ ಬೆಳೆಯುತ್ತದೆ, 6ರಿಂದ ಸರಿಯಾಗಿ 36ಕ್ಕೆ. ಆದರೆ ಪಂದ್ಯ ಸಮ ಆಗುವ ಜಾಗ ಸರಾಸರಿಯಲ್ಲ, ಮಧ್ಯಾಂಕ. ಅದು ಸರಿಯಾಗಿ ಆರು ಪಟ್ಟು ಬೆಳೆಯುವುದಿಲ್ಲ. ಎಸೆತವನ್ನು ತುಂಡು ಮಾಡಲು ಬರುವಂತಿದ್ದರೆ ಒಂದು ದಾಳಕ್ಕೆ ಪಂದ್ಯ ಸಮವಾಗುವುದು 3.8ರಲ್ಲಿ, ಜೋಡಿ ಆರಿಗೆ 24.6ರಲ್ಲಿ. 4 ಎಸೆತ 3.8ನ್ನು ದಾಟಿದೆ, 24 ಎಸೆತ 24.6ನ್ನು ದಾಟಿಲ್ಲ. ಇಷ್ಟೇ ಅಂತರದಲ್ಲಿ ಒಂದು ಪಂದ್ಯ ಲಾಭದ್ದು, ಇನ್ನೊಂದು ನಷ್ಟದ್ದು.

ಇನ್ನು (ಈ). ನನ್ನ ಪ್ರಕಾರ ಪ್ರಶ್ನೆ ತೆಗೆದವರು ಮಕ್ಕಳನ್ನು ನಿಜವಾಗಿ ಪರೀಕ್ಷಿಸಿರುವುದು ಇಲ್ಲೇ. ಆರು ಸಲ ಸೋತಿದ್ದಾಗಿದೆ, ಮುಂದಿನ ಮೂರರೊಳಗೆ 6 ಬೀಳುವ ಸಂಭವನೀಯತೆ ಎಷ್ಟು? ಒಂದು ಗುಂಪಿನ ಉತ್ತರ 0.806. ಅದು ಶುರುವಿನಿಂದ ಹಿಡಿದು ಒಂಬತ್ತು ಎಸೆತಗಳೊಳಗೆ ಬೀಳುವ ಲೆಕ್ಕ. ಆರು ಸೋಲು ಆಗಲೇ ಆಗಿಹೋಗಿದೆ ಎಂಬುದನ್ನು ಅದು ಮರೆತಿದೆ. ಇನ್ನೊಂದು ಗುಂಪು ಏಳು, ಎಂಟು, ಒಂಬತ್ತನೆಯ ಎಸೆತಗಳ ಸಂಭವನೀಯತೆಗಳನ್ನು ಕೂಡಿಸಿ 0.141 ಎಂದು ನಿಲ್ಲುತ್ತದೆ. ಕೂಡಿಸಿದ್ದು ಸರಿ, ಆದರೆ ಅದು 1296 ಮಂದಿಯಲ್ಲಿ ಪಾಲು. ನಮಗೆ ಬೇಕಿರುವುದು ಕೂತೇ ಇರುವ 434 ಮಂದಿಯಲ್ಲಿ ಪಾಲು. 0.141ನ್ನು 0.335ರಿಂದ ಭಾಗಿಸಿದರೆ 0.421 ಬರುತ್ತದೆ.

ಈಗ ಇನ್ನೊಂದು ಲೆಕ್ಕ ಮಾಡಿ. ಈಗಷ್ಟೇ ಬಂದು ಕೂತವನು ಮೂರು ಎಸೆತದೊಳಗೆ 6 ಬೀಳಿಸುವ ಸಂಭವನೀಯತೆ ಎಷ್ಟು? 1 − (5/6)³, ಅಂದರೆ 91/216. ಅದೂ 0.421. ಆರು ಸಲ ಸೋತವನಿಗೂ ಈಗ ಬಂದವನಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇದು ಗೊತ್ತಿದ್ದವರು (ಈ)ಯನ್ನು ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ಗುಣೋತ್ತರ ವಿತರಣೆಗೆ ನೆನಪಿಲ್ಲ ಎನ್ನುತ್ತಾರೆ. ಒಂದು, ಎರಡು, ಮೂರು ಎಂದು ಎಣಿಸುವ ಕಾಯುವಿಕೆಗಳಲ್ಲಿ ಈ ಗುಣ ಇರುವುದು ಇದೊಂದಕ್ಕೇ. ಮೊದಲಿಗೆ E ಕಂಡುಹಿಡಿಯುವಾಗ "ಮತ್ತೆ ಆಟದ ಶುರುವಿಗೇ" ಎಂದು ಹೇಳಲು ಸಾಧ್ಯವಾದದ್ದೂ ಇದರಿಂದಲೇ. ಹಾಗಾಗಿ ಆರು ಸಲ ಸೋತವನು ಇನ್ನೂ ಸರಾಸರಿ ಆರು ಎಸೆತ ಕಾಯಬೇಕು. ಕಾದದ್ದು ಜಮೆಯಾಗುವುದಿಲ್ಲ.

ಇದನ್ನು ಒಪ್ಪುವುದು ಮನಸ್ಸಿಗೆ ಕಷ್ಟ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ರೂಲೆಟ್ ಚಕ್ರದ ಗುಂಡು ಸತತ 26 ಸಲ ಕಪ್ಪಿಗೇ ಬಿತ್ತು ಎಂಬ ಘಟನೆ ಪ್ರಸಿದ್ಧ. ಕಪ್ಪು ಬೀಳುತ್ತ ಹೋದ ಹಾಗೆ, ಇನ್ನು ಕೆಂಪು ಬರಲೇಬೇಕು ಎಂದು ಜನ ಮುಗಿಬಿದ್ದು ಕೆಂಪಿಗೆ ಹಣ ಸುರಿದು ಕಳೆದುಕೊಂಡರು. ಒಂದು ಸೊನ್ನೆಯ ರೂಲೆಟ್ ಚಕ್ರದಲ್ಲಿ 37 ಮನೆ, ಅದರಲ್ಲಿ ಕೆಂಪು 18. ಹತ್ತು ಕಪ್ಪಿನ ನಂತರವೂ ಇಪ್ಪತ್ತು ಕಪ್ಪಿನ ನಂತರವೂ ಕೆಂಪಿನ ಸಂಭವನೀಯತೆ 18/37 ಮಾತ್ರ.

ಹಾಗೆಂದು ಕಾಯುವಿಕೆ ಯಾವುದೇ ಇರಲಿ ಈ ಸೂತ್ರ ಹಚ್ಚಿಬಿಡಬಹುದು ಎಂದಲ್ಲ. ಎರಡು ಷರತ್ತುಗಳಿವೆ: ಪ್ರತಿ ಪ್ರಯತ್ನದಲ್ಲೂ p ಅಷ್ಟೇ ಇರಬೇಕು, ಒಂದು ಪ್ರಯತ್ನದ ಫಲ ಇನ್ನೊಂದನ್ನು ಮುಟ್ಟಬಾರದು. ಪರೀಕ್ಷೆಗಳಲ್ಲಿ ಮಕ್ಕಳನ್ನು ಬೀಳಿಸಲು ಇಡುವ ಹಳೆಯ ಪ್ರಶ್ನೆ ಬೀಗದ ಕೈಗಳದ್ದು. ಗೊಂಚಲಿನಲ್ಲಿ ಐದು ಕೀಗಳಿವೆ, ಒಂದೇ ಬಾಗಿಲು ತೆಗೆಯುತ್ತದೆ. ಹಾಕಿ ನೋಡಿದ ಕೀಯನ್ನು ಬೇರೆ ಇಡುತ್ತ ಹೋದರೆ ಸರಿಯಾದದ್ದು ಮೊದಲನೆಯದೋ ಐದನೆಯದೋ ಆಗಿರುವ ಅವಕಾಶ ಸಮ, ತಲಾ ಐದರಲ್ಲೊಂದು. ಸರಾಸರಿ ಪ್ರಯತ್ನ 3. ಮೂರು ಕೀ ಸೋತ ಮೇಲೆ ನಾಲ್ಕನೆಯದು ತೆಗೆಯುವ ಸಂಭವನೀಯತೆ ಅರ್ಧಕ್ಕೇರಿರುತ್ತದೆ. ಇಲ್ಲಿ ಸೋಲು ವ್ಯರ್ಥವಲ್ಲ, ಅದು ಒಂದು ಕೀಯನ್ನು ಕಳೆದಿದೆ. ಕತ್ತಲಲ್ಲಿ ಯಾವುದು ಹಾಕಿದೆ ಎಂದು ಗೊತ್ತಾಗದೆ ಗೊಂಚಲನ್ನು ಪ್ರತಿ ಸಲ ಕಲಸಿ ಹುಡುಕುವವನಿಗೆ ಮಾತ್ರ ಗುಣೋತ್ತರ ವಿತರಣೆ. ಅವನ ಸರಾಸರಿ 5.

ಎರಡನೆಯ ಬಗೆಯ ಎಡವಟ್ಟು ಇಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅದು ಗೊತ್ತಾಗುವುದು ದಾಳಗಳಿಂದಾಚೆ, ಮನುಷ್ಯರ ಲೆಕ್ಕಕ್ಕೆ ಬಂದಾಗ. ಮಗು ಬೇಕೆಂದು ಬಯಸುವ ದಂಪತಿಗೆ ಗರ್ಭ ನಿಲ್ಲಲು ಎಷ್ಟು ತಿಂಗಳು ಹಿಡಿಯುತ್ತದೆ ಎಂಬುದು ಮೊದಲ ಗೆಲುವಿನವರೆಗಿನ ಕಾಯುವಿಕೆಯೇ. ತಿಂಗಳಿಗೆ ಗರ್ಭ ನಿಲ್ಲುವ ಸಂಭವನೀಯತೆಯನ್ನು ಹೀಗೆ ಅಳೆಯುವ ಯೋಚನೆಯನ್ನು ಇಟಲಿಯ ಸಂಖ್ಯಾಶಾಸ್ತ್ರಜ್ಞ ಕೊರಾಡೊ ಜಿನಿ 1924ರಲ್ಲಿ ಮಂಡಿಸಿದ. ತಿಂಗಳಿಗೆ p = 0.2 ಎಂದು ಇಟ್ಟುಕೊಂಡರೆ ಸರಾಸರಿ ಐದು ತಿಂಗಳು. ಆದರೆ (ಆ)ದ ಲೆಕ್ಕ ಹಾಕಿ: 0.8¹², ಸುಮಾರು 0.069. ಯಾವ ತೊಂದರೆಯೂ ಇಲ್ಲದ ನೂರು ದಂಪತಿಗಳಲ್ಲಿ ಏಳು ಮಂದಿಗೆ ಬರೀ ಆಕಸ್ಮಿಕದಿಂದಲೇ ಒಂದು ವರ್ಷ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಬಂಜೆತನವನ್ನು ಗುರುತಿಸಲು ಇಟ್ಟಿರುವ ಅವಧಿಯೂ ಹನ್ನೆರಡು ತಿಂಗಳೇ.

ದಾಳಗಳ ಹಾಗೆ ಎಲ್ಲ ದಂಪತಿಗಳ p ಒಂದೇ ಆಗಿರುವುದಿಲ್ಲ. ಲೆಕ್ಕಕ್ಕಾಗಿ ಎರಡೇ ಗುಂಪು ಊಹಿಸಿಕೊಳ್ಳೋಣ: ಸಾವಿರ ದಂಪತಿಗಳಲ್ಲಿ 900 ಮಂದಿಗೆ ತಿಂಗಳಿಗೆ 0.2, ಉಳಿದ 100 ಮಂದಿಗೆ ಯಾವುದೋ ಅಡಚಣೆಯಿಂದ 0.02. ಮೊದಲ ತಿಂಗಳು 180 ಮತ್ತು 2 ಸೇರಿ 182 ಮಂದಿಗೆ ಗರ್ಭ ನಿಲ್ಲುತ್ತದೆ, ನೂರಕ್ಕೆ ಹದಿನೆಂಟು. ಹನ್ನೆರಡು ತಿಂಗಳಾದ ಮೇಲೆ ಉಳಿದವರನ್ನು ನೋಡಿ. ಮೊದಲ ಗುಂಪಿನ 900ರಲ್ಲಿ ಉಳಿದವರು ಸುಮಾರು 62, ಎರಡನೆಯ ಗುಂಪಿನ 100ರಲ್ಲಿ 78. ಒಟ್ಟು 140. ಅವರಲ್ಲಿ ಮುಂದಿನ ತಿಂಗಳು ಗರ್ಭ ನಿಲ್ಲುವವರು ಹದಿನಾಲ್ಕು ಮಂದಿ, ನೂರಕ್ಕೆ ಹತ್ತು.

ಯಾವ ದಂಪತಿಯ p ಕೂಡ ಬದಲಾಗಿಲ್ಲ. ಒಬ್ಬೊಬ್ಬರ ಮಟ್ಟಿಗೆ ಹದಿಮೂರನೆಯ ತಿಂಗಳು ಮೊದಲ ತಿಂಗಳಿನ ಹಾಗೇ ಇದೆ. ಆದರೆ ಬೇಗ ಗೆಲ್ಲುವವರು ಬೇಗ ಎದ್ದು ಹೋಗಿದ್ದಾರೆ, ಕೂತಿರುವವರಲ್ಲಿ ಅಡಚಣೆ ಇರುವವರ ಪಾಲು ಹತ್ತರಲ್ಲೊಂದು ಇದ್ದದ್ದು ಅರ್ಧಕ್ಕಿಂತ ಹೆಚ್ಚಾಗಿದೆ. ಅಂಕಿಅಂಶ ಕೈಯಲ್ಲಿದ್ದರೆ ಇದನ್ನು ಕಂಡುಹಿಡಿಯುವುದು ಕಷ್ಟವೇನಲ್ಲ: ಪ್ರತಿ ಸುತ್ತಿನಲ್ಲೂ ಉಳಿದವರ ಎಷ್ಟನೇ ಪಾಲು ಗೆದ್ದರು ಎಂದು ಭಾಗಿಸುತ್ತ ಹೋಗಬೇಕು. ಆ ಪಾಲು ಅಲುಗಾಡದೆ ನಿಂತರೆ ಗುಣೋತ್ತರ ವಿತರಣೆ ಹೊಂದುತ್ತದೆ. ಇಳಿಯುತ್ತ ಹೋದರೆ ಗುಂಪಿನಲ್ಲಿ ಬೇರೆ ಬೇರೆ p ಇರುವವರು ಬೆರೆತಿದ್ದಾರೋ ಎಂದು ಮೊದಲು ನೋಡಬೇಕು. ಕೀಗಳ ಹಾಗೆ ಏರುತ್ತ ಹೋದರೆ ಪ್ರತಿ ಸೋಲೂ ಏನನ್ನೋ ಕಳೆಯುತ್ತಿದೆ. ಒಂದು ವರ್ಷ ದಾಟಿದವರಿಗೆ ವೈದ್ಯರು ತಪಾಸಣೆ ಮಾಡಿಸಿಕೊಳ್ಳಿ ಎನ್ನುವುದಕ್ಕೆ ಲೆಕ್ಕದ ಆಧಾರ ಇರುವುದು ಆ 62 ಮತ್ತು 78ರಲ್ಲಿ: ಎದುರು ಕೂತ ದಂಪತಿ ಯಾವ ಗುಂಪಿನವರು ಎಂದು ತಿಂಗಳುಗಳನ್ನು ಎಣಿಸಿ ಹೇಳಲು ಬರುವುದಿಲ್ಲ, ತಪಾಸಣೆಯನ್ನೇ ಮಾಡಿ ನೋಡಬೇಕು.